ಪಾಯಿಂಟ್ ಅಂಡ್ ಫಿಗರ್ ಚಾರ್ಟ್‌ನಲ್ಲಿ ಟಾರ್ಗೆಟ್ ಲೆಕ್ಕ: ಬಾಕ್ಸ್, ರಿವರ್ಸಲ್ ಹೊಂದಿಸುವುದರಿಂದ ಶುರು ಮಾಡಿ

ಒಂದೇ ಶೇರು, ಒಂದೇ ದಿನದ ಡೇಟಾ. ಮೂರು ಜನ ಲೆಕ್ಕ ಹಾಕುತ್ತಾರೆ, ಮೂರು ಬೇರೆ ಬೇರೆ ಟಾರ್ಗೆಟ್ ಬರುತ್ತದೆ. ಬೆಲೆಯ ಏರಿಳಿತವನ್ನು ಎಕ್ಸ್ ಮತ್ತು ಓ ಕಾಲಮ್‌ಗಳಲ್ಲಿ ಬರೆಯುವ ಪಾಯಿಂಟ್ ಅಂಡ್ ಫಿಗರ್ ಚಾರ್ಟ್ ಕಲಿಯುತ್ತಿರುವವರಿಂದ ಮತ್ತೆ ಮತ್ತೆ ಬರುವ ದೂರು ಇದು. ಅವರ ಕೆಲಸವನ್ನು ಹಿಂದಿನಿಂದ ಪರೀಕ್ಷಿಸಿದರೆ ಗುಣಾಕಾರ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ತಪ್ಪು ಅದಕ್ಕಿಂತ ಮುಂಚೆಯೇ ಆಗಿರುತ್ತದೆ. ಬಾಕ್ಸ್ ಸೈಜ್ ನಡುವೆ ಬದಲಾಗಿರುತ್ತದೆ, ಕಾಲಮ್ ಮುಗಿಯುವ ಮೊದಲೇ ಎಣಿಸಿರುತ್ತಾರೆ, ಇಲ್ಲವೇ ಒಂದು ದಿನದಲ್ಲಿ ಎರಡು ಕಾಲಮ್ ಬರೆದಿರುತ್ತಾರೆ.

ಅದಕ್ಕೇ ಈ ಬರಹದಲ್ಲಿ ಒಂದೇ ವಿಧಾನವನ್ನು ಪೂರ್ತಿ ಹಿಡಿಯುತ್ತೇನೆ: ಮೂರು ಬಾಕ್ಸ್ ರಿವರ್ಸಲ್ ಚಾರ್ಟ್‌ನಲ್ಲಿ ವರ್ಟಿಕಲ್ ಕೌಂಟ್, ಅಂದರೆ ಕಾಲಮ್‌ನ ಎತ್ತರ ಎಣಿಸಿ ಟಾರ್ಗೆಟ್ ತೆಗೆಯುವುದು. ಇದರಲ್ಲಿ ನಮ್ಮ ಊಹೆಗೆ ಜಾಗ ತುಂಬಾ ಕಡಿಮೆ. ಆದರೆ ಹಂತಗಳ ಕ್ರಮ ಬದಲಿಸಬಾರದು.

## ಶುರು ಮಾಡುವ ಮೊದಲು ಬೇಕಾದದ್ದು

ದಿನದ ಗರಿಷ್ಠ ಮತ್ತು ಕನಿಷ್ಠ ಬೆಲೆ ಇರುವ ಡೇಟಾ ಬೇಕು, ಕನಿಷ್ಠ ಒಂದು ವರ್ಷದ್ದು. ಮುಂದೆ ಇವನ್ನು ಹೈ, ಲೋ ಅಂತಲೇ ಕರೆಯುತ್ತೇನೆ. ಜೊತೆಗೆ ಚೌಕುಳಿ ಹಾಳೆ ಮತ್ತು ಪೆನ್ಸಿಲ್, ಅಥವಾ ಒಂದು ಸ್ಪ್ರೆಡ್‌ಶೀಟ್. ಸಾಫ್ಟ್‌ವೇರ್ ಬಳಸುವವರು ಒಂದು ವಿಷಯ ಖಚಿತ ಮಾಡಿಕೊಳ್ಳಿ: ಬಾಕ್ಸ್ ಸೈಜ್ ಎಷ್ಟಿರಬೇಕು ಅಂತ ನೀವೇ ಟೈಪ್ ಮಾಡುವ ಅವಕಾಶ ಅದರಲ್ಲಿ ಇರಬೇಕು. ಅದು ತಾನಾಗಿ ಆರಿಸಿದ ಬಾಕ್ಸ್‌ನ ಮೇಲೆ ಟಾರ್ಗೆಟ್ ಲೆಕ್ಕ ಹಾಕಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಸಾಫ್ಟ್‌ವೇರ್ ಇದ್ದರೂ ಮೊದಲ ಒಂದೆರಡು ಚಾರ್ಟ್‌ಗಳನ್ನು ಕೈಯಲ್ಲೇ ಬರೆಯಿರಿ ಎನ್ನುವುದು ನನ್ನ ಸಲಹೆ. ನಿಯಮಗಳು ಎಲ್ಲಿ ಕಚ್ಚುತ್ತವೆ ಅನ್ನೋದು ಕೈಯಲ್ಲಿ ಬರೆದಾಗ ಮಾತ್ರ ಗೊತ್ತಾಗುತ್ತದೆ.

## ಹಂತ 1: ಬಾಕ್ಸ್ ಸೈಜ್ ನಿರ್ಧರಿಸಿ

ಬಾಕ್ಸ್ ಅಂದರೆ ಚಾರ್ಟ್ ಗಮನಿಸುವ ಅತಿ ಸಣ್ಣ ಚಲನೆ. ಬಾಕ್ಸ್ 1 ಇದ್ದರೆ, ಬೆಲೆ ಒಂದು ಪೂರ್ತಿ ಅಂಕ ದಾಟುವ ತನಕ ಚಾರ್ಟ್‌ನಲ್ಲಿ ಏನೂ ಬರೆಯುವುದಿಲ್ಲ. ಏರುವಾಗ ಎಕ್ಸ್, ಇಳಿಯುವಾಗ ಓ. ಇಲ್ಲಿ ಸಮಯಕ್ಕೆ ಅಕ್ಷವೇ ಇಲ್ಲ. ಹತ್ತು ದಿನ ಬೆಲೆ ಅಲ್ಲಾಡದಿದ್ದರೆ ಚಾರ್ಟ್ ಕೂಡ ಹತ್ತು ದಿನ ಅಲ್ಲಾಡುವುದಿಲ್ಲ.

ಬಾಕ್ಸ್ ಆರಿಸಲು ಹಲವು ದಾರಿಗಳಿವೆ. ಬೆಲೆಯ ಮಟ್ಟಕ್ಕೆ ತಕ್ಕಂತೆ ಹಳೆಯ ಪಟ್ಟಿಯೊಂದು ಬಳಕೆಯಲ್ಲಿದೆ: 5ರಿಂದ 20ರ ತನಕ 0.5, 20ರಿಂದ 100ರ ತನಕ 1, 100ರಿಂದ 200ರ ತನಕ 2. ಕೈಯಲ್ಲಿ ಬರೆಯುವವರಿಗೆ ಇದು ಸುಲಭ. ಆದರೆ ಒಂದೇ ಕಾಲಮ್ 100ನ್ನು ದಾಟಿದರೆ ತೊಡಕು. ಕೆಳಗಿನ ಎಕ್ಸ್ ಒಂದು ಅಂಕದ್ದು, ಮೇಲಿನದು ಎರಡು ಅಂಕದ್ದು. ಆಗ ಎಕ್ಸ್‌ಗಳನ್ನೆಲ್ಲ ಒಂದೇ ಅಳತೆ ಅಂತ ಗುಣಿಸಿದರೆ ಟಾರ್ಗೆಟ್ ತಪ್ಪುತ್ತದೆ.

ಎರಡನೆಯದು ಶೇಕಡಾ ಬಾಕ್ಸ್. ಪ್ರತಿ ಬಾಕ್ಸ್ ಅದರ ಕೆಳಗಿನದಕ್ಕಿಂತ ಶೇ 1 ಅಥವಾ ಶೇ 2 ಮೇಲಿರುತ್ತದೆ. ಬೆಲೆ ದುಪ್ಪಟ್ಟಾಗುವಷ್ಟು ದೊಡ್ಡ ಅವಧಿಯ ಚಾರ್ಟ್ ನೋಡುವವರಿಗೆ ಇದೇ ಸರಿ. ಕಡಿಮೆ ಅವಧಿಗೆ, ಬೆಲೆ ಒಂದು ಸೀಮಿತ ಹರವಿನಲ್ಲಿ ಓಡಾಡುತ್ತಿದ್ದರೆ, ಒಂದೇ ಸ್ಥಿರ ಅಂಕ ಸಾಕು. ಇವತ್ತಿನ ಬೆಲೆಯ ಸುಮಾರು ಶೇ 1ರಿಂದ 2ರ ಆಸುಪಾಸಿನಲ್ಲಿ ಒಂದು ಸುತ್ತಿನ ಸಂಖ್ಯೆ ಆರಿಸಿ. ಬೆಲೆ 50 ಇದ್ದರೆ ಬಾಕ್ಸ್ 1 ಒಳ್ಳೆಯ ಆರಂಭ.

ಮೂರನೆಯದು ಎಟಿಆರ್ ಆಧಾರಿತ ಬಾಕ್ಸ್, ಅಂದರೆ ಇತ್ತೀಚಿನ ದಿನಗಳ ಸರಾಸರಿ ಏರಿಳಿತವನ್ನೇ ಬಾಕ್ಸ್ ಮಾಡುವುದು. ಇಲ್ಲಿಯೇ ಜಾಸ್ತಿ ಜನ ಎಡವುವುದು. ಎಟಿಆರ್ ಪ್ರತಿದಿನ ಬದಲಾಗುತ್ತದೆ. ಸಾಫ್ಟ್‌ವೇರ್ ಹೊಸ ಬಾಕ್ಸ್‌ನಿಂದ ಇಡೀ ಚಾರ್ಟ್ ಮತ್ತೆ ಬರೆಯುತ್ತದೆ. ಕಳೆದ ವಾರ ಎಣಿಸಿದ ಕಾಲಮ್ ಈ ವಾರ ಇರುವುದೇ ಇಲ್ಲ! ಎಟಿಆರ್ ಇಷ್ಟವಾದರೆ ಅದನ್ನು ಒಂದೇ ಸಲ ನೋಡಿ, ಸುತ್ತಿನ ಸಂಖ್ಯೆ ಮಾಡಿ, ಸ್ಥಿರ ಬಾಕ್ಸ್ ಆಗಿ ಟೈಪ್ ಮಾಡಿಬಿಡಿ.

ಬಾಕ್ಸ್ ಸರಿಯಿದೆಯಾ ಅಂತ ತಿಳಿಯಲು ಹಿಂದಿನ ಒಂದು ವರ್ಷದ ಚಾರ್ಟ್ ಮೇಲೆ ಕಣ್ಣಾಡಿಸಿ. ಕಾಲಮ್‌ಗಳೆಲ್ಲ ಮೂರು ನಾಲ್ಕು ಬಾಕ್ಸ್ ಎತ್ತರದವೇ ಆಗಿ, ದಿನ ಬಿಟ್ಟು ದಿನ ದಿಕ್ಕು ಬದಲಿಸುತ್ತಿದ್ದರೆ ಬಾಕ್ಸ್ ಚಿಕ್ಕದಾಯಿತು. ತಿಂಗಳುಗಟ್ಟಲೆ ಒಂದೇ ಕಾಲಮ್ ಇದ್ದರೆ ದೊಡ್ಡದಾಯಿತು. ನೀವು ಕೆಲವು ವಾರ ಶೇರು ಇಟ್ಟುಕೊಳ್ಳುವವರಾದರೆ, ನಿಮ್ಮ ಕಣ್ಣಿಗೆ ನಿಜವಾದ ಏರು ಇಳಿತ ಅಂತ ಕಾಣುವ ಚಲನೆಗಳು ಮಾತ್ರ ಹೊಸ ಕಾಲಮ್ ಆಗಬೇಕು.

ಈ ಹೊಂದಾಣಿಕೆಯನ್ನು ಟಾರ್ಗೆಟ್ ಲೆಕ್ಕ ಹಾಕುವ ಮೊದಲು ಮಾಡಿ ಮುಗಿಸಿ. ಟಾರ್ಗೆಟ್ ನೋಡಿದ ಮೇಲೆ ಬಾಕ್ಸ್ ಬದಲಿಸಿದರೆ ನಮಗೆ ಬೇಕಾದ ಸಂಖ್ಯೆಯನ್ನು ನಾವೇ ಬರೆದುಕೊಂಡ ಹಾಗೆ, ಅಲ್ವಾ?

## ಹಂತ 2: ರಿವರ್ಸಲ್ ಮತ್ತು ಬೆಲೆಯ ವಿಧಾನ ಬರೆದಿಡಿ

ರಿವರ್ಸಲ್ ಅಂದರೆ ದಿಕ್ಕು ಬದಲಾಯಿತು ಅಂತ ಒಪ್ಪಲು ಎಷ್ಟು ಬಾಕ್ಸ್ ಬೇಕು ಅನ್ನುವುದು. ಇಲ್ಲಿ ಮೂರು. ಬಾಕ್ಸ್ 1 ಇದ್ದರೆ, ಎಕ್ಸ್ ಕಾಲಮ್‌ನ ತುದಿಯಿಂದ ಬೆಲೆ ಪೂರ್ತಿ 3 ಅಂಕ ಇಳಿದಾಗ ಮಾತ್ರ ಓ ಕಾಲಮ್ ಶುರು. ಎರಡು ಅಂಕ ಇಳಿದು ಮತ್ತೆ ಏರಿದರೆ ಚಾರ್ಟ್‌ಗೆ ಅದು ಆಗಿಯೇ ಇಲ್ಲ.

ಒಂದು ಬಾಕ್ಸ್ ರಿವರ್ಸಲ್ ಚಾರ್ಟ್‌ಗಳೂ ಇವೆ. ಅವುಗಳಲ್ಲಿ ಒಂದೇ ಕಾಲಮ್‌ನೊಳಗೆ ಎಕ್ಸ್ ಮತ್ತು ಓ ಎರಡೂ ಬರಬಹುದು, ಟಾರ್ಗೆಟನ್ನು ಅಡ್ಡಲಾಗಿ ಎಣಿಸುತ್ತಾರೆ. ಈ ಬರಹದ ಎತ್ತರದ ಎಣಿಕೆಯನ್ನು ಅಲ್ಲಿಗೆ ಒಯ್ಯಬೇಡಿ.

ಇನ್ನೊಂದು ಆಯ್ಕೆ ಹೈ-ಲೋ ವಿಧಾನವೋ, ಕ್ಲೋಸ್ ವಿಧಾನವೋ ಅನ್ನುವುದು. ಮೂರು ಬಾಕ್ಸ್ ಚಾರ್ಟ್‌ಗೆ ಹೈ-ಲೋ ರೂಢಿ. ಕ್ಲೋಸ್ ವಿಧಾನದಲ್ಲಿ ದಿನದ ಕೊನೆಯ ಬೆಲೆ ಮಾತ್ರ ಲೆಕ್ಕಕ್ಕೆ, ಹಾಗಾಗಿ ಕಾಲಮ್‌ಗಳು ಸಾಮಾನ್ಯವಾಗಿ ಕಡಿಮೆ. ಎರಡೂ ಸರಿ, ಬೆರೆಸುವುದು ಮಾತ್ರ ತಪ್ಪು. ಹಾಳೆಯ ಮೂಲೆಯಲ್ಲಿ ಮೂರು ವಿಷಯ ಬರೆದಿಡಿ: ಬಾಕ್ಸ್ 1, ರಿವರ್ಸಲ್ 3, ಹೈ-ಲೋ. ಆ ಮೂರೂ ಇಲ್ಲದೆ ಯಾರಾದರೂ ನಿಮಗೆ ಟಾರ್ಗೆಟ್ ಹೇಳಿದರೆ ಆ ಸಂಖ್ಯೆಯನ್ನು ಪರೀಕ್ಷಿಸಲು ಸಾಧ್ಯವಿಲ್ಲ.

## ಹಂತ 3: ದಿನಕ್ಕೆ ಒಂದೇ ದಿಕ್ಕು ಬರೆಯಿರಿ

ಬರೆಯುವ ನಿಯಮ ಚಿಕ್ಕದು. ಈಗ ಎಕ್ಸ್ ಕಾಲಮ್ ನಡೆಯುತ್ತಿದ್ದರೆ ಮೊದಲು ಹೈ ನೋಡಿ. ಮುಂದಿನ ಬಾಕ್ಸ್ ಮುಟ್ಟಿದೆಯಾ? ಮುಟ್ಟಿದ್ದರೆ ಎಕ್ಸ್ ಬರೆದು ಆ ದಿನದ ಲೋ ಮರೆತುಬಿಡಿ. ಮುಟ್ಟಿಲ್ಲವಾದರೆ ಮಾತ್ರ ಲೋ ನೋಡಿ, ತುದಿಯಿಂದ ಮೂರು ಬಾಕ್ಸ್ ಇಳಿದಿದೆಯಾ ಅಂತ. ಇಳಿದಿದ್ದರೆ ಬಲಕ್ಕೆ ಸರಿದು, ತುದಿಯ ಎಕ್ಸ್‌ಗಿಂತ ಒಂದು ಬಾಕ್ಸ್ ಕೆಳಗಿನಿಂದ ಓ ಬರೆಯಿರಿ. ಓ ಕಾಲಮ್‌ನಲ್ಲಿ ಇದೇ ನಿಯಮ ತಲೆಕೆಳಗಾಗಿ: ಮೊದಲು ಲೋ, ಆಮೇಲೆ ಹೈ.

ಒಂದು ಉದಾಹರಣೆ ಮಾಡೋಣ. ಅಂಕಿಗಳು ನಾನು ಅಭ್ಯಾಸಕ್ಕೆ ಕಟ್ಟಿದವು. ಬೆಲೆ ಇಳಿಯುತ್ತಾ ಬಂದಿದೆ, ಓ ಕಾಲಮ್ 57ರಿಂದ 48ಕ್ಕೆ ಬಂದು ನಿಂತಿದೆ. ಮುಂದಿನ ಒಂಬತ್ತು ದಿನ ಹೀಗಿವೆ:

| ದಿನ | ಹೈ | ಲೋ |
|---|---|---|
| 1 | 50.6 | 48.3 |
| 2 | 51.4 | 49.5 |
| 3 | 53.2 | 50.8 |
| 4 | 53.8 | 51.9 |
| 5 | 54.0 | 50.9 |
| 6 | 53.1 | 50.7 |
| 7 | 52.4 | 50.2 |
| 8 | 54.3 | 51.6 |
| 9 | 55.4 | 53.5 |

ಮೊದಲ ದಿನ ಲೋ 47 ಮುಟ್ಟಿಲ್ಲ. ಮೇಲಕ್ಕೆ ತಿರುಗಲು 48ಕ್ಕೆ 3 ಸೇರಿಸಿ 51 ಬೇಕು, ಹೈ 50.6 ಮಾತ್ರ. ಏನೂ ಬರೆಯಬೇಡಿ. ಎರಡನೇ ದಿನ ಹೈ 51 ದಾಟಿತು, ಹಾಗಾಗಿ ಹೊಸ ಎಕ್ಸ್ ಕಾಲಮ್: 49, 50, 51. ಮೂರನೇ ದಿನ 52 ಮತ್ತು 53 ಸೇರಿಸಿ. ನಾಲ್ಕನೇ ದಿನ ಹೈ 53.8. ಇದನ್ನು 54 ಅಂತ ಸುತ್ತಿನ ಸಂಖ್ಯೆ ಮಾಡುವವರು ಬಹಳ. ಮಾಡಬೇಡಿ. 54 ಮುಟ್ಟುವ ತನಕ 54ರ ಎಕ್ಸ್ ಇಲ್ಲ.

ಐದನೇ ದಿನ ಗಮನವಿಟ್ಟು ನೋಡಿ. ಹೈ ಸರಿಯಾಗಿ 54.0. ಮುಟ್ಟಿದರೆ ಸಾಕು, ಎಕ್ಸ್ ಬರೆಯಿರಿ. ಈಗ ತುದಿ 54, ಕೆಳಕ್ಕೆ ತಿರುಗುವ ಮಟ್ಟ 51. ಅದೇ ದಿನದ ಲೋ 50.9! ಓ ಕಾಲಮ್ ಬರೆಯಲು ಕೈ ತುಡಿಯುತ್ತದೆ. ಬರೆಯುವಂತಿಲ್ಲ. ಎಕ್ಸ್ ಬರೆದ ದಿನ ಲೋ ಲೆಕ್ಕಕ್ಕಿಲ್ಲ, ಯಾಕೆಂದರೆ ಹೈ ಮೊದಲು ಬಂತೋ ಲೋ ಮೊದಲು ಬಂತೋ ಅಂತ ದಿನದ ಡೇಟಾ ಹೇಳುವುದಿಲ್ಲ. ಬೆಳಿಗ್ಗೆ 50.9ಕ್ಕೆ ಹೋಗಿ ಸಂಜೆ 54ಕ್ಕೆ ಏರಿರಬಹುದು.

ಆರನೇ ದಿನ ಹೈ 55 ಮುಟ್ಟಿಲ್ಲ, ಲೋ 50.7 ಅಂದರೆ 51ಕ್ಕಿಂತ ಕೆಳಗೆ. ಈಗ ತಿರುವು ಖಚಿತ: 53, 52, 51ರಲ್ಲಿ ಓ. ಏಳನೇ ದಿನ ಲೋ 50.2, 50 ಮುಟ್ಟಲಿಲ್ಲ. ಮೇಲೆ ತಿರುಗಲು 54 ಬೇಕು, ಅದೂ ಇಲ್ಲ. ಏನೂ ಬರೆಯಬೇಡಿ. ಎಂಟನೇ ದಿನ ಹೈ 54.3, ಹೊಸ ಎಕ್ಸ್ ಕಾಲಮ್ 52, 53, 54. ಒಂಬತ್ತನೇ ದಿನ 55. ಚಾರ್ಟ್ ಹೀಗೆ ಕಾಣಬೇಕು:

```
57 O
56 O
55 O     X
54 O X   X
53 O X O X
52 O X O X
51 O X O
50 O X
49 O X
48 O
```

ನಿಮ್ಮದು ಬೇರೆ ಬಂದಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ. ಸಾಮಾನ್ಯವಾಗಿ ನಾಲ್ಕನೇ ಅಥವಾ ಐದನೇ ದಿನದಲ್ಲೇ ತಪ್ಪಿರುತ್ತದೆ.

## ಹಂತ 4: ಎಣಿಸಬೇಕಾದ ಕಾಲಮ್ ಗುರುತಿಸಿ

ಎಲ್ಲ ಎಕ್ಸ್ ಕಾಲಮ್‌ಗಳನ್ನೂ ಎಣಿಸುವುದಿಲ್ಲ. ತಳದಿಂದ ಮೇಲೆದ್ದ ಮೊದಲ ಎಕ್ಸ್ ಕಾಲಮ್ ಬೇಕು. ಇಲ್ಲಿ ಅದು 49ರಿಂದ 54ರ ತನಕದ್ದು. ಮಾರುವವರ ಕೈ ಸೋತು ಕೊಳ್ಳುವವರು ಮೊದಲು ಎಷ್ಟು ಬಲ ತೋರಿಸಿದರು ಅಂತ ಅದರ ಎತ್ತರ ಅಳೆಯುತ್ತದೆ ಅನ್ನುವುದು ಈ ಎಣಿಕೆಯ ಹಿಂದಿನ ತರ್ಕ.

ಕಾಲಮ್ ಮುಗಿದಿರಬೇಕು. ಮುಗಿಯಿತು ಅಂತ ಗೊತ್ತಾಗುವುದು ಅದರ ಬಲಕ್ಕೆ ಮೂರು ಓ ಬಂದಾಗ. ನಮ್ಮ ಉದಾಹರಣೆಯಲ್ಲಿ ಆರನೇ ದಿನ. ಅದಕ್ಕೂ ಮುಂಚೆ, ಅಂದರೆ ಮೂರನೇ ದಿನವೇ ಐದು ಎಕ್ಸ್ ಎಣಿಸಿದ್ದರೆ, ಮುಂದಿನ ಹಂತದ ಸೂತ್ರದಂತೆ ಟಾರ್ಗೆಟ್ 64 ಬರುತ್ತಿತ್ತು. ಐದನೇ ದಿನ ಎಣಿಸಿದ್ದರೆ 67. ಓಡುತ್ತಿರುವ ಕಾಲಮ್‌ಗೆ ಟಾರ್ಗೆಟ್ ಕೂಡ ಓಡುತ್ತಿರುತ್ತದೆ. ಕೆಲವು ಸಾಫ್ಟ್‌ವೇರ್ ಇಂಥ ಅರ್ಧಂಬರ್ಧ ಟಾರ್ಗೆಟನ್ನೂ ಪರದೆಯ ಮೇಲೆ ತೋರಿಸುತ್ತದೆ. ತಾತ್ಕಾಲಿಕ ಅಂತ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಇದ್ದರೂ ಕಣ್ಣಿಗೆ ಬೀಳುವುದು ಸಂಖ್ಯೆ ಮಾತ್ರ.

ಇನ್ನೊಂದು ರೂಢಿಯನ್ನೂ ತಿಳಿದಿರಿ. ತಳದ ಮೊದಲ ಕಾಲಮ್ ಬದಲು, ಮೊದಲ ಕೊಳ್ಳುವ ಸಂಕೇತ ಕೊಟ್ಟ, ಅಂದರೆ ಹಿಂದಿನ ಎಕ್ಸ್ ಕಾಲಮ್‌ನ ತುದಿ ದಾಟಿದ ಕಾಲಮ್ ಎಣಿಸುವವರಿದ್ದಾರೆ. ನಮ್ಮ ಚಾರ್ಟ್‌ನಲ್ಲಿ ಅದು 52ರಿಂದ ಶುರುವಾದ ನಾಲ್ಕನೇ ಕಾಲಮ್ ಆಗುತ್ತದೆ, ಅದಿನ್ನೂ ಮುಗಿದಿಲ್ಲ. ನಿಮ್ಮ ಸಾಫ್ಟ್‌ವೇರ್‌ನ ಟಾರ್ಗೆಟ್ ನಿಮ್ಮ ಕೈಲೆಕ್ಕಕ್ಕೆ ತಾಳೆಯಾಗದಿದ್ದರೆ ಮೊದಲು ಅದು ಯಾವ ಕಾಲಮ್ ಎಣಿಸುತ್ತಿದೆ ಅಂತ ನೋಡಿ.

## ಹಂತ 5: ಗುಣಿಸಿ, ಕೂಡಿಸಿ

ಸೂತ್ರ ಇಷ್ಟೇ. `L` ಕಾಲಮ್‌ನ ಅತಿ ಕೆಳಗಿನ ಎಕ್ಸ್, `n` ಎಕ್ಸ್‌ಗಳ ಸಂಖ್ಯೆ, `b` ಬಾಕ್ಸ್, `r` ರಿವರ್ಸಲ್.

```
target = L + n * b * r
49 + 6 * 1 * 3 = 67
```

ಆರು ಎಕ್ಸ್ ಇವೆ, 54ರಿಂದ 49 ಕಳೆದರೆ 5 ಬರುತ್ತದೆ. ಕಳೆದು ಎಣಿಸುವವರು ಇಲ್ಲಿ ಒಂದು ಬಾಕ್ಸ್ ಕಳೆದುಕೊಳ್ಳುತ್ತಾರೆ, ಅದು ಮೂರರಿಂದ ಗುಣಿಸಲ್ಪಟ್ಟು ಟಾರ್ಗೆಟ್‌ನಲ್ಲಿ 3 ಅಂಕದ ವ್ಯತ್ಯಾಸವಾಗುತ್ತದೆ. ಬೆರಳಿಟ್ಟು ಎಣಿಸಿ.

ಕೂಡಿಸುವುದು ಎಲ್ಲಿಗೆ ಅನ್ನುವುದೂ ಮುಖ್ಯ. ಹಿಂದಿನ ತುದಿ ದಾಟಿದ 55ಕ್ಕೆ 18 ಕೂಡಿಸಿ 73 ಅನ್ನುವವರು ಸಾಕಷ್ಟು ಜನ. ಅದು ತಪ್ಪು. ಎಣಿಕೆ ಕಾಲಮ್‌ನ ಬುಡದಿಂದ. ಬುಡ ಅಂದರೆ ಅತಿ ಕೆಳಗಿನ ಎಕ್ಸ್ ಅಂತ ನಾನು ಹಿಡಿಯುತ್ತೇನೆ. ಅದರ ಎಡದ ಅತಿ ಕೆಳಗಿನ ಓ, ಅಂದರೆ 48 ಹಿಡಿದರೆ 66 ಬರುತ್ತದೆ. ಒಂದು ಬಾಕ್ಸ್‌ನ ಈ ಅಂತರ ದೊಡ್ಡದಲ್ಲ, ಪ್ರತಿ ಸಲ ಒಂದೇ ರೀತಿ ಮಾಡಿದರಾಯಿತು.

ಶೇಕಡಾ ಬಾಕ್ಸ್ ಬಳಸಿದರೆ ಸೂತ್ರ ಬದಲಾಗುತ್ತದೆ. ಆರು ಎಕ್ಸ್, ರಿವರ್ಸಲ್ ಮೂರು, ಅಂದರೆ ಹದಿನೆಂಟು ಬಾಕ್ಸ್ ಮೇಲೆ ಹೋಗಬೇಕು. ಬಾಕ್ಸ್ ಶೇ 2 ಇದ್ದರೆ ಹದಿನೆಂಟು ಎರಡ್ಲಿ ಶೇ 36 ಅಂತ ಲೆಕ್ಕ ಹಾಕಿದರೆ 49ರ ಮೇಲೆ 66.6 ಬರುತ್ತದೆ. ಆದರೆ ಪ್ರತಿ ಬಾಕ್ಸ್ ಹಿಂದಿನದರ ಮೇಲೆ ಶೇ 2, ಚಕ್ರಬಡ್ಡಿಯ ಲೆಕ್ಕ.

```
target = L * (1 + p) ** (n * r)
49 * 1.02 ** 18 = 70.0
```

ಹೆಚ್ಚುಕಡಿಮೆ ಮೂರೂವರೆ ಅಂಕ ವ್ಯತ್ಯಾಸ. ಕಾಲಮ್ ಉದ್ದವಾದಷ್ಟೂ ಇದು ಬೆಳೆಯುತ್ತದೆ.

ಇಳಿಕೆಯ ಟಾರ್ಗೆಟ್‌ಗೆ ಎಲ್ಲವೂ ತಲೆಕೆಳಗು: ಶಿಖರದಿಂದ ಇಳಿದ ಮೊದಲ ಓ ಕಾಲಮ್ ಎಣಿಸಿ, ಅತಿ ಮೇಲಿನ ಓ ಇಂದ ಕಳೆಯಿರಿ. ಇಲ್ಲಿ ಸ್ಥಿರ ಬಾಕ್ಸ್‌ನ ಮಿತಿ ಬಯಲಾಗುತ್ತದೆ. ಒಂದು ಶೇರು 40ರಿಂದ 27ರ ತನಕ ಒಂದೇ ಓಟದಲ್ಲಿ ಬಿತ್ತು ಅಂದುಕೊಳ್ಳಿ, ಹದಿನಾಲ್ಕು ಓ. ಮೂರರಿಂದ ಗುಣಿಸಿದರೆ 42. ನಲವತ್ತರಿಂದ 42 ಕಳೆದರೆ ಸೊನ್ನೆಗಿಂತ ಕೆಳಗೆ! ಅದಕ್ಕೇ ಇಳಿಕೆಗೆ 3ರ ಬದಲು 2ರಿಂದ ಗುಣಿಸುವ ರೂಢಿ ಹಲವರಲ್ಲಿದೆ. ಆಗ 40ರಿಂದ 28 ಕಳೆದು 12. ದೊಡ್ಡ ಕುಸಿತಗಳನ್ನು ಎಣಿಸುವವರು ಶೇಕಡಾ ಬಾಕ್ಸ್‌ಗೆ ಹೋಗುವುದೇ ಮೇಲು, ಅದರಲ್ಲಿ ಟಾರ್ಗೆಟ್ ಯಾವತ್ತೂ ಸೊನ್ನೆ ಮುಟ್ಟುವುದಿಲ್ಲ.

## ಹಂತ 6: ಟಾರ್ಗೆಟ್‌ಗೆ ಜೀವ ಬರುವ ತನಕ ಕಾಯಿರಿ

ಆರನೇ ದಿನ 67 ಅಂತ ಲೆಕ್ಕ ಸಿಕ್ಕಿತು. ಆದರೆ ಅದು ಇನ್ನೂ ಹಾಳೆಯ ಮೇಲಿನ ಸಂಖ್ಯೆ. ಎಣಿಸಿದ ಕಾಲಮ್‌ನ ತುದಿಯನ್ನು ಬೆಲೆ ದಾಟಬೇಕು. ಒಂಬತ್ತನೇ ದಿನ 55ರ ಎಕ್ಸ್ ಬಂದಾಗ ಹಿಂದಿನ ಎಕ್ಸ್ ಕಾಲಮ್‌ನ 54 ದಾಟಿತು. ಇದೇ ಡಬಲ್ ಟಾಪ್ ಬ್ರೇಕ್‌ಔಟ್, ಕೊಳ್ಳುವ ಅತಿ ಸರಳ ಸಂಕೇತ. ಈಗ 67 ಚಾಲ್ತಿಗೆ ಬಂತು.

ಇಲ್ಲಿ ನಷ್ಟದ ಲೆಕ್ಕವನ್ನೂ ಅದೇ ಚಾರ್ಟ್‌ನಿಂದ ತೆಗೆಯಿರಿ. ಮೂರನೇ ಕಾಲಮ್‌ನ ಓ 51ರ ತನಕ ಬಂದಿತ್ತು. ಮುಂದೆ ಯಾವಾಗಲಾದರೂ 50ರಲ್ಲಿ ಓ ಬಿದ್ದರೆ ಅದು ಮಾರುವ ಸಂಕೇತ. ಹಾಗಾಗಿ 55ರಲ್ಲಿ ಒಳಗೆ ಬಂದವರ ಸ್ಟಾಪ್ ಲಾಸ್ 50. ಗಳಿಕೆಯ ಅವಕಾಶ 12 ಅಂಕ, ಅಪಾಯ 5. ಒಂದಕ್ಕೆ 2.4. ಇದೇ ಶೇರನ್ನು 58ರಲ್ಲಿ ಹಿಂಬಾಲಿಸಿ ಕೊಂಡರೆ ಅವಕಾಶ 9, ಅಪಾಯ 8. ಟಾರ್ಗೆಟ್ ಅದೇ 67, ವ್ಯಾಪಾರ ಮಾತ್ರ ಹಾಳು. ತಡವಾಯಿತು ಅನ್ನಿಸಿದರೆ ಮೂರು ಬಾಕ್ಸ್ ಇಳಿದು ಹೊಸ ಓ ಕಾಲಮ್ ಬರುವ ತನಕ ತಾಳಿ. ಆಮೇಲೆ ಬೆಲೆ ಮತ್ತೆ ಮೇಲೆ ಮುರಿದರೆ ಸ್ಟಾಪ್ ಕೂಡ ಮೇಲೆ ಬರುತ್ತದೆ.

## ಹಂತ 7: ಬಾಕ್ಸ್ ದೊಡ್ಡದು ಮಾಡಿ ಒಮ್ಮೆ ಹೋಲಿಸಿ

ಈಗ ಅದೇ ಒಂಬತ್ತು ದಿನಗಳನ್ನು ಬಾಕ್ಸ್ 2ರಲ್ಲಿ ಬರೆಯಿರಿ. 48ರ ತಳದಿಂದ ತಿರುಗಲು 6 ಅಂಕ ಬೇಕು, ಅಂದರೆ 54. ಐದನೇ ದಿನ ಅದು ಬಂತು: 50, 52, 54ರಲ್ಲಿ ಎಕ್ಸ್. ಕೆಳಗೆ ತಿರುಗಲು 48 ಬೇಕು. ಅದು ಬರಲೇ ಇಲ್ಲ. ಬಾಕ್ಸ್ 1ರಲ್ಲಿ ಕಂಡ ಆರನೇ ದಿನದ ತಿರುವು ಇಲ್ಲಿ ಇಲ್ಲವೇ ಇಲ್ಲ. ಮುಗಿದ ಕಾಲಮ್ ಇಲ್ಲ, ಹಾಗಾಗಿ ಟಾರ್ಗೆಟ್ಟೂ ಇಲ್ಲ.

ಮುಂದೆ ಬೆಲೆ 60.5ರ ತನಕ ಹೋಗಿ 53.8ಕ್ಕೆ ಇಳಿಯಿತು ಅಂದುಕೊಳ್ಳಿ. ಆಗ ಬಾಕ್ಸ್ 2ರ ಕಾಲಮ್ 50ರಿಂದ 60ರ ತನಕ, ಆರು ಎಕ್ಸ್. ಆರನ್ನು 2ರಿಂದ, ಮತ್ತೆ 3ರಿಂದ ಗುಣಿಸಿದರೆ 36. ಟಾರ್ಗೆಟ್ 86. ಒಂದೇ ಶೇರಿಗೆ 67 ಮತ್ತು 86! ಶುರುವಿನಲ್ಲಿ ಹೇಳಿದ ದೂರು ಹುಟ್ಟುವುದು ಇಲ್ಲಿಂದಲೇ.

ಎರಡರಲ್ಲಿ ಯಾವುದೂ ತಪ್ಪಲ್ಲ. ಬಾಕ್ಸ್ 1 ಸಣ್ಣ ಓಟವನ್ನು ಅಳೆಯಿತು, ಬಾಕ್ಸ್ 2 ದೊಡ್ಡದನ್ನು. 86 ಹಿಡಿಯಲು ಹೊರಟವರು ಬಾಕ್ಸ್ 2ರ ಸ್ಟಾಪ್ ಲಾಸನ್ನೂ ಒಪ್ಪಬೇಕು. ದೊಡ್ಡ ಬಾಕ್ಸ್‌ನ ಟಾರ್ಗೆಟ್ ಮತ್ತು ಚಿಕ್ಕ ಬಾಕ್ಸ್‌ನ ಸ್ಟಾಪ್ ಜೋಡಿಸಿದರೆ ಕಾಗದದ ಮೇಲೆ ಅನುಪಾತ ಸೊಗಸಾಗಿ ಕಾಣುತ್ತದೆ. ವ್ಯವಹಾರದಲ್ಲಿ ಟಾರ್ಗೆಟ್ ಬರುವ ಮೊದಲೇ ಸ್ಟಾಪ್ ಹೊಡೆಯುತ್ತದೆ. ನಾನು ನೋಡುವ ತಪ್ಪುಗಳಲ್ಲಿ ಅತಿ ದುಬಾರಿ ಇದೇ.

## ಹಂತ 8: ಅಡ್ಡ ಎಣಿಕೆಯಿಂದ ತಾಳೆ ನೋಡಿ

ಬೆಲೆ ತಳದಲ್ಲಿ ಬಹಳ ಹೊತ್ತು ಮೇಲೆ ಕೆಳಗೆ ಓಡಾಡಿದ್ದರೆ ಮಾತ್ರ ಈ ಹಂತ. ತಳದ ಅಗಲ ಎಷ್ಟು ಕಾಲಮ್ ಅಂತ ಎಣಿಸಿ, ಬಾಕ್ಸ್ ಮತ್ತು ರಿವರ್ಸಲ್‌ನಿಂದ ಗುಣಿಸಿ, ತಳದ ಅತಿ ಕೆಳಗಿನ ಮಟ್ಟಕ್ಕೆ ಕೂಡಿಸಿ. ಬೆಲೆ 48 ಮತ್ತು 54ರ ನಡುವೆ ಏಳು ಕಾಲಮ್ ಆಡಿ ಮೇಲೆ ಮುರಿದಿದ್ದರೆ, ಏಳು ಮೂರ್ಲಿ 21, 48ಕ್ಕೆ ಕೂಡಿಸಿ 69.

ಎತ್ತರದ ಎಣಿಕೆ 67, ಅಗಲದ ಎಣಿಕೆ 69. ಎರಡೂ ಒಂದೇ ಜಾಗ ತೋರಿಸಿದರೆ ನಂಬಿಕೆ ಹೆಚ್ಚುತ್ತದೆ. ದೂರ ದೂರ ಇದ್ದರೆ ಹತ್ತಿರದ್ದನ್ನೇ ಮೊದಲ ಗುರಿ ಮಾಡಿಕೊಳ್ಳಿ. ತಳ ಎಲ್ಲಿಂದ ಶುರು ಅನ್ನುವುದು ನೋಡುವವರ ಕಣ್ಣಿಗೆ ಬಿಟ್ಟದ್ದು, ಒಬ್ಬರು ಏಳು ಕಾಲಮ್ ಅಂದರೆ ಇನ್ನೊಬ್ಬರು ಒಂಬತ್ತು ಅನ್ನಬಹುದು. ಹಾಗಾಗಿ ಇದನ್ನು ಸಾಕ್ಷಿಯಾಗಿ ಇಟ್ಟುಕೊಳ್ಳಿ, ತೀರ್ಪು ಎತ್ತರದ ಎಣಿಕೆಯದ್ದೇ ಇರಲಿ.

## ಹಂತ 9: ಟಾರ್ಗೆಟ್ ಯಾವಾಗ ಸತ್ತಿತು ಅಂತ ಗುರುತಿಸಿ

ಎಣಿಸಿದ ಕಾಲಮ್ ಎದ್ದ ತಳದ ಕೆಳಗೆ, ಅಂದರೆ ಅದರ ಎಡದ ಅತಿ ಕೆಳಗಿನ ಓ ಕೆಳಗೆ ಬೆಲೆ ಹೋದರೆ ಎಣಿಕೆ ರದ್ದು. ನಮ್ಮ ಚಾರ್ಟ್‌ನಲ್ಲಿ 48ರ ತಳ ಮುರಿದು 47ರಲ್ಲಿ ಓ ಬಿದ್ದರೆ 67ನ್ನು ಹಾಳೆಯಿಂದ ಹೊಡೆದುಹಾಕಿ. ಇದು ಸ್ಟಾಪ್ ಲಾಸ್‌ಗಿಂತ ಬೇರೆ ವಿಷಯ. 50ರಲ್ಲಿ ನೀವು ಹೊರಗೆ ಬಂದಿರುತ್ತೀರಿ, ಆದರೂ ಎಣಿಕೆ ಬದುಕಿರುತ್ತದೆ. ಬೆಲೆ ಅಲ್ಲಿಂದ ಮತ್ತೆ ಎದ್ದು ಹೊಸ ಕೊಳ್ಳುವ ಸಂಕೇತ ಕೊಟ್ಟರೆ ಅದೇ 67ನ್ನು ಮತ್ತೆ ಬಳಸಬಹುದು.

ಇನ್ನು ಕೆಲವು ಅಪಾಯದ ಸೂಚನೆಗಳಿವೆ. ಟಾರ್ಗೆಟ್‌ಗೆ ಇನ್ನೂ ದೂರವಿರುವಾಗಲೇ ಉದ್ದದ ಓ ಕಾಲಮ್ ಬಂದು ಮಾರುವ ಸಂಕೇತ ಕೊಟ್ಟರೆ, ಈಗ ಇಳಿಕೆಯ ಎಣಿಕೆಯೂ ಚಾಲ್ತಿಗೆ ಬಂತು. ಎರಡೂ ಒಟ್ಟಿಗೆ ಇರುವಾಗ ಇತ್ತೀಚಿನ ಸಂಕೇತದ ಕಡೆ ನಿಲ್ಲಿ.

ಎಣಿಸಿದ ಕಾಲಮ್‌ನೊಳಗೆ ದೊಡ್ಡ ಗ್ಯಾಪ್ ಇದೆಯಾ ಅಂತಲೂ ನೋಡಿ. ಬೆಲೆ 50ರಲ್ಲಿ ಮುಗಿದು ಮರುದಿನ 53ರಲ್ಲಿ ತೆರೆದರೂ ಚಾರ್ಟ್ 51, 52ರಲ್ಲಿ ಎಕ್ಸ್ ತುಂಬುತ್ತದೆ. ಅಲ್ಲಿ ಯಾರೂ ಕೊಂಡಿಲ್ಲ, ಮಾರಿಲ್ಲ. ಆ ಎಕ್ಸ್‌ಗಳೂ ಮೂರರಿಂದ ಗುಣಿಸಲ್ಪಡುತ್ತವೆ. ಒಂದು ದಿನದ ಸುದ್ದಿಯಿಂದಲೇ ಉದ್ದವಾದ ಕಾಲಮ್‌ನ ಟಾರ್ಗೆಟನ್ನು ನಾನು ಪೂರ್ತಿ ನಂಬುವುದಿಲ್ಲ.

ಶೇರು ಸ್ಪ್ಲಿಟ್ ಆದರೆ ಹಳೆಯ ಬೆಲೆಗಳೆಲ್ಲ ಹೊಸ ಲೆಕ್ಕಕ್ಕೆ ಇಳಿಯುತ್ತವೆ. ಒಂದಕ್ಕೆ ಎರಡು ಆಗಿದ್ದರೆ 54 ಈಗ 27. ಬಾಕ್ಸ್ 1 ಹಾಗೇ ಬಿಟ್ಟರೆ ಅದು ಇದ್ದಕ್ಕಿದ್ದಂತೆ ದುಪ್ಪಟ್ಟು ಒರಟಾಯಿತು, ಕಾಲಮ್‌ಗಳು ಮಾಯವಾಗುತ್ತವೆ. ಬಾಕ್ಸನ್ನೂ 0.5 ಮಾಡಿ ಚಾರ್ಟ್ ಮತ್ತೆ ಬರೆಯಿರಿ, ಆಗ ಟಾರ್ಗೆಟ್ 33.5 ಅಂತ ಸರಿಯಾಗಿ ಬರುತ್ತದೆ.

ಟಾರ್ಗೆಟ್ ಯಾವಾಗ ಬರುತ್ತದೆ ಅಂತ ಈ ಚಾರ್ಟ್ ಹೇಳುವುದಿಲ್ಲ. ಸಮಯವನ್ನೇ ಬರೆದಿಲ್ಲವಲ್ಲ. ಹಾಗಾಗಿ ಅವಧಿ ಮುಗಿಯುವ ಆಪ್ಷನ್ ಕೊಳ್ಳಲು 67ನ್ನು ಆಧಾರ ಮಾಡಿಕೊಳ್ಳಬೇಡಿ. ಬೆಲೆ 67 ಮುಟ್ಟಿದರೂ ಅದು ಅಲ್ಲೇ ತಿರುಗಬೇಕು ಅಂತೇನಿಲ್ಲ. ಆಗ ಒಂದು ಭಾಗ ಮಾರಿ, ಉಳಿದದ್ದಕ್ಕೆ ಸ್ಟಾಪನ್ನು ಕೊನೆಯ ಓ ಕಾಲಮ್‌ನ ಒಂದು ಬಾಕ್ಸ್ ಕೆಳಗೆ ತಂದಿಡಿ. ಪ್ರತಿ ಹೊಸ ಓ ಕಾಲಮ್ ಹಿಂದಿನದಕ್ಕಿಂತ ಮೇಲೆ ನಿಂತು, ಆಮೇಲೆ ಬಂದ ಎಕ್ಸ್ ಕಾಲಮ್ ಹಿಂದಿನ ತುದಿ ದಾಟಿದರೆ ಸ್ಟಾಪನ್ನೂ ಅಷ್ಟೇ ಮೇಲೆ ಸರಿಸಿ.